ರಂಜಾನ್ ಉಪವಾಸ ಮತ್ತು ಇನ್ಸುಲಿನ್: ಅಪಾಯ ಅಳೆಯುವುದು, ಡೋಸ್ ಹೊಂದಿಸುವುದು, ದಾಖಲಿಸುವುದು ಹೇಗೆ?

ದಿನಕ್ಕೆರಡು ಬಾರಿ ಇನ್ಸುಲಿನ್ ಚುಚ್ಚಿಕೊಳ್ಳುವ ಮಧುಮೇಹಿಯೊಬ್ಬರು ರೋಜಾ ಇರಲು ಬಯಸಿದರೆ, ಆ ಮಾತುಕತೆ ವೈದ್ಯರ ಕೊಠಡಿಯಲ್ಲಿ ರಂಜಾನ್‌ಗೆ ಆರರಿಂದ ಎಂಟು ವಾರ ಮೊದಲೇ ನಡೆಯಬೇಕು. ಚಂದ್ರದರ್ಶನದ ಹಿಂದಿನ ದಿನ ಬಂದವರಿಗೆ ಡೋಸ್ ಬದಲಿಸಿ, ಅದರ ಪರಿಣಾಮ ನೋಡಿ, ತಿದ್ದಲು ಕಾಲಾವಕಾಶವೇ ಉಳಿದಿರುವುದಿಲ್ಲ.

ಮೊದಲ ಹೆಜ್ಜೆ ಅಪಾಯವನ್ನು ಅಳೆಯುವುದು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು ರಂಜಾನ್ ಕುರಿತು ಕೆಲಸ ಮಾಡುವ ವೈದ್ಯರ ಕೂಟದೊಂದಿಗೆ 2021ರಲ್ಲಿ ಹೊರತಂದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಅಂಕಪಟ್ಟಿ ಇದೆ. ಒಟ್ಟು ಅಂಕ 3ರವರೆಗೆ ಇದ್ದರೆ ಅಪಾಯ ಕಡಿಮೆ, 3.5ರಿಂದ 6ರವರೆಗೆ ಮಧ್ಯಮ, 6 ದಾಟಿದರೆ ಹೆಚ್ಚು. ಒಂದು ಕಲ್ಪಿತ ಉದಾಹರಣೆಯನ್ನು ನೋಡೋಣ. 56 ವರ್ಷದ ದರ್ಜಿಯೊಬ್ಬರಿಗೆ ಹನ್ನೆರಡು ವರ್ಷದಿಂದ ಟೈಪ್ 2 ಮಧುಮೇಹವಿದೆ. 30/70 ಮಿಶ್ರ ಇನ್ಸುಲಿನ್ ಅನ್ನು ಬೆಳಿಗ್ಗೆ 24 ಯೂನಿಟ್, ರಾತ್ರಿ 16 ಯೂನಿಟ್ ತೆಗೆದುಕೊಳ್ಳುತ್ತಾರೆ, ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 8.2 ಇದೆ, ಗ್ಲುಕೋಮೀಟರ್ ಇದ್ದರೂ ಅಪರೂಪಕ್ಕೆ ನೋಡುತ್ತಾರೆ. ಕಾಯಿಲೆಗೆ ಹತ್ತು ವರ್ಷ ದಾಟಿರುವುದಕ್ಕೆ 1, ದಿನಕ್ಕೆ ಒಂದಕ್ಕಿಂತ ಹೆಚ್ಚು ಬಾರಿ ಮಿಶ್ರ ಇನ್ಸುಲಿನ್‌ಗೆ 3, ಎಚ್‌ಬಿಎ1ಸಿಗೆ 1, ಸಕ್ಕರೆಯನ್ನು ಸಾಕಷ್ಟು ಬಾರಿ ಪರೀಕ್ಷಿಸದಿರುವುದಕ್ಕೆ 1, ಒಟ್ಟು 6 ಅಂಕ. ಇವರು ಮಧ್ಯಮ ಅಪಾಯದ ಅಂಚಿನಲ್ಲಿದ್ದಾರೆ. ಇದೇ ವ್ಯಕ್ತಿಗೆ ಮೂತ್ರಪಿಂಡದ ತೊಂದರೆ ಇದ್ದಿದ್ದರೆ, ಅಥವಾ ಸಕ್ಕರೆ ಕುಸಿದದ್ದೇ ಅರಿವಿಗೆ ಬಾರದ ಸ್ಥಿತಿ ಇದ್ದಿದ್ದರೆ, ಉಪವಾಸ ಬೇಡವೆಂದೇ ಹೇಳಬೇಕಾಗುತ್ತಿತ್ತು. ಕಾಯಿಲೆಯವರಿಗೆ ಕುರ್‌ಆನ್‌ನಲ್ಲಿಯೇ ವಿನಾಯಿತಿ ಇರುವುದರಿಂದ, ಇಂಥ ಸಲಹೆ ಕೊಡುವಾಗ ಪರಿಚಿತ ಮೌಲ್ವಿಯವರ ಮಾತು ಜೊತೆಗಿದ್ದರೆ ಮನೆಯವರಿಗೂ ಒಪ್ಪಿಗೆಯಾಗುತ್ತದೆ.

ಎರಡನೆಯದು ಇನ್ಸುಲಿನ್. ಮಿಶ್ರ ಇನ್ಸುಲಿನ್‌ನ 70 ಭಾಗ ನಿಧಾನವಾಗಿ, ಹಲವು ಗಂಟೆಗಳ ಕಾಲ ಕೆಲಸ ಮಾಡುತ್ತದೆ. ಬೆಳಗಿನ 24 ಯೂನಿಟ್‌ಗಳನ್ನು ಹಾಗೆಯೇ ಉಪವಾಸಕ್ಕೆ ಮುಂಚಿನ ನಸುಕಿನ ಊಟವಾದ ಸಹರಿಗೆ ತೆಗೆದುಕೊಂಡರೆ ಅದರ ಪ್ರಭಾವ ಹೊಟ್ಟೆ ಖಾಲಿ ಇರುವ ಮಧ್ಯಾಹ್ನದ ಹೊತ್ತಿನಲ್ಲೇ ಜೋರಾಗಿರುತ್ತದೆ. ಆದ್ದರಿಂದ ಡೋಸ್‌ಗಳನ್ನು ಅದಲುಬದಲು ಮಾಡುತ್ತಾರೆ: ಬೆಳಗಿನ ಪೂರ್ಣ ಡೋಸ್ ಸಂಜೆ ಉಪವಾಸ ಮುರಿಯುವ ಊಟವಾದ ಇಫ್ತಾರ್‌ಗೆ, ರಾತ್ರಿಯ ಡೋಸನ್ನು ಶೇ 25ರಿಂದ 50ರಷ್ಟು ಇಳಿಸಿ ಸಹರಿಗೆ. ನಮ್ಮ ಉದಾಹರಣೆಯಲ್ಲಿ ಅರ್ಧದಷ್ಟು ಇಳಿಸಿದರೆ ಇಫ್ತಾರ್‌ಗೆ 24, ಸಹರಿಗೆ 8 ಯೂನಿಟ್. ಇದನ್ನು ವೈದ್ಯರೇ ನಿರ್ಧರಿಸಬೇಕು. ಇಲ್ಲಿನ ಲೆಕ್ಕವನ್ನು ಯಾರೂ ತಮಗೇ ಅನ್ವಯಿಸಿಕೊಳ್ಳಬಾರದು. ಉಪವಾಸವಿದೆ ಎಂದು ಇನ್ಸುಲಿನ್ ಪೂರ್ತಿ ಬಿಡುವುದು ಇನ್ನೂ ದೊಡ್ಡ ಅಪಾಯ.

ಆಮೇಲೆ ತಿದ್ದುವುದಕ್ಕೆ ಒಂದು ಸೂತ್ರ ಸಾಕು. ಇಫ್ತಾರ್‌ಗೆ ಮುಂಚಿನ ಸಕ್ಕರೆ ಸಹರಿಯ ಡೋಸ್ ಸರಿಯಿದೆಯೇ ಎಂಬುದನ್ನು ತಿಳಿಸುತ್ತದೆ, ಸಹರಿಗೆ ಮುಂಚಿನದು ಇಫ್ತಾರ್‌ನ ಡೋಸ್ ಬಗ್ಗೆ ತಿಳಿಸುತ್ತದೆ. ಈ ಎರಡರ ಜೊತೆಗೆ ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ, ಇಫ್ತಾರ್ ಆದ ಎರಡು ಗಂಟೆಗೆ ಒಮ್ಮೆ, ಮತ್ತು ನಡುಕ, ಬೆವರು, ತಲೆಸುತ್ತು ಬಂದಾಗಲೆಲ್ಲ ನೋಡಬೇಕು. ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದರೆ ರೋಜಾ ಮುರಿಯುವುದಿಲ್ಲ ಎಂಬುದನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ಪರೀಕ್ಷೆ ತಪ್ಪಿಸುವವರಲ್ಲಿ ಅನೇಕರಿಗೆ ಇದೇ ಅಳುಕು. ಸಕ್ಕರೆ 70ಕ್ಕಿಂತ ಇಳಿದರೆ, ಸೂರ್ಯಾಸ್ತದ ಮಗ್ರಿಬ್ ಅಜಾನ್‌ಗೆ ಹತ್ತೇ ನಿಮಿಷ ಉಳಿದಿದ್ದರೂ ಉಪವಾಸ ಬಿಟ್ಟು, ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, ಹದಿನೈದು ನಿಮಿಷದ ಬಳಿಕ ಮತ್ತೆ ನೋಡಬೇಕು. 300 ದಾಟಿದರೂ ಉಪವಾಸ ಬಿಡಬೇಕು, ನೀರು ಕುಡಿದು ವೈದ್ಯರಿಗೆ ತಿಳಿಸಬೇಕು.

ಊಟದ ವಿಷಯದಲ್ಲಿ ಮುಖ್ಯವಾದದ್ದು ಹೊತ್ತು. ಸಹರಿಯನ್ನು ಮಧ್ಯರಾತ್ರಿಯೇ ಮುಗಿಸಿ ಮಲಗಿದರೆ ಉಪವಾಸ ಹಲವು ಗಂಟೆ ಉದ್ದವಾಗುತ್ತದೆ. ನಸುಕಿನ ನಮಾಜಾದ ಫಜ್ರ್‌ಗೆ ಆದಷ್ಟು ಹತ್ತಿರ ಉಣ್ಣಬೇಕು. ಆಗ ಚಪಾತಿ, ಬೇಳೆ, ಮೊಟ್ಟೆ, ತರಕಾರಿ ಒಳ್ಳೆಯದು. ಇಫ್ತಾರ್‌ಗೆ ಒಂದೆರಡು ಖರ್ಜೂರ ಮತ್ತು ನೀರು ಸಾಕು, ಶರಬತ್ತು ಮತ್ತು ಸಮೋಸಾ ಬೇಡ.

ಇಷ್ಟನ್ನು ಹೇಳಿದ್ದಾಯಿತು ಎಂದು ಸುಮ್ಮನಾಗದೆ ಬರೆದಿಡುವುದು ಕೊನೆಯ ಹೆಜ್ಜೆ. ಕೇಸ್ ಶೀಟ್‌ನಲ್ಲಿ ‘ಸಲಹೆ ನೀಡಲಾಗಿದೆ’ ಎಂಬ ಒಂದೇ ಸಾಲು ಇದ್ದರೆ, ರಾತ್ರಿ ತುರ್ತು ವಿಭಾಗದಲ್ಲಿ ಅದನ್ನು ಓದುವ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಅಂಕ ಎಷ್ಟು, ಯಾವುದರಿಂದ ಬಂತು, ಹಳೆಯ ಡೋಸ್, ಹೊಸ ಡೋಸ್, ಅದರ ಹೊತ್ತು, ಉಪವಾಸ ಬಿಡಬೇಕಾದ ಎರಡು ಮಿತಿಗಳು, ಮನೆಯಲ್ಲಿ ಯಾರಿಗೆ ಕಲಿಸಲಾಯಿತು, ಯಾವ ಭಾಷೆಯಲ್ಲಿ ಎಂಬುದೆಲ್ಲ ಇರಬೇಕು. ‘ಮೂರು ಗಂಟೆಗೆ 65 ಬಂದರೆ ಏನು ಮಾಡುತ್ತೀರಿ?’ ಎಂದು ರೋಗಿಯನ್ನು ಕೇಳಿ, ಅವರ ಉತ್ತರವನ್ನು ಅವರದೇ ಮಾತಿನಲ್ಲಿ ಬರೆಯಬೇಕು. ಸಿರಿಂಜನ್ನೂ ತರಿಸಿ ನೋಡುವುದು ಅಗತ್ಯ: ಪ್ರತಿ ಮಿಲಿಲೀಟರ್‌ಗೆ 40 ಯೂನಿಟ್ ಇರುವ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. ಇವು ಅದಲುಬದಲಾದರೆ ಹೊಂದಿಸಿದ ಡೋಸ್ ಎಲ್ಲವೂ ತಪ್ಪುತ್ತದೆ. ಬೇಡವೆಂದರೂ ಉಪವಾಸ ಮಾಡಲು ನಿರ್ಧರಿಸಿದವರ ಹಾಳೆಯಲ್ಲಿ ಆ ಸಲಹೆಯನ್ನೂ ಅವರ ನಿರ್ಧಾರವನ್ನೂ ದಾಖಲಿಸಿ, ಯೋಜನೆಯನ್ನು ಅಷ್ಟೇ ಕಾಳಜಿಯಿಂದ ಬರೆದುಕೊಡಬೇಕು. ಮೊದಲ ವಾರದೊಳಗಿನ ಮರುಭೇಟಿಯ ದಿನವನ್ನೂ, ಈದ್ ಬೆಳಿಗ್ಗೆಯಿಂದ ಯಾವ ಡೋಸ್‌ಗೆ ಮರಳಬೇಕೆಂಬುದನ್ನೂ ಅದೇ ಹಾಳೆಯಲ್ಲಿ ನಮೂದಿಸಿ, ಒಂದು ಪ್ರತಿಯನ್ನು ಮನೆಯವರ ಕೈಗೆ ಕೊಡಬೇಕು.