ಬಿಳಿ ಕಾಟನ್ ಅಂಗಿಗೆ ರೇಷ್ಮೆ ಹೊಳಪು

ಮಂಡ್ಯದ ನಮ್ಮ ಸ್ಟುಡಿಯೋಗೆ ಒಬ್ಬರು ತಂದೆಯ ಫೋಟೋ ತಂದಿದ್ದರು. ಎದೆಯವರೆಗಿನ ಚಿತ್ರ, ಬಿಳಿ ಕಾಟನ್ ಅಂಗಿ. "ಅಣ್ಣ, ನನ್ನ ಮದುವೇಲಿ ಅಪ್ಪಾಜಿ ಕೆನೆ ಬಣ್ಣದ ರೇಷ್ಮೆ ಅಂಗಿ ಹಾಕಿದ್ರು. ಇದ್ರಲ್ಲೂ ಹಾಗೇ ಕಾಣ್ಬೇಕು" ಅಂದರು.

ಮೊದಲು ಫೋಟೋಶಾಪ್‌ನಲ್ಲಿ `Curves` ಹಾಕಿ ಹೊಳಪು ಏರಿಸಿದೆ. ಅಂಗಿ ಮಳೆ ಕೋಟಿನ ಹಾಗೆ ಕಂಡಿತು. ಕಾರಣ ಆಮೇಲೆ ತಿಳಿಯಿತು. ಅಂಗಿಯ ಬಿಳುಪು ಆಗಲೇ 240ರ ಹತ್ತಿರ ಇತ್ತು. ಗರಿಷ್ಠವೇ 255 ಅಲ್ವಾ, ಹೊಳಪಿಗೆ ಜಾಗ ಎಲ್ಲಿದೆ? ಹಾಗಾಗಿ ಬಟ್ಟೆಯನ್ನೇ ಸುಮಾರು 200ಕ್ಕೆ ಇಳಿಸಿ ಕೆನೆ ಬಣ್ಣ ಕೊಟ್ಟೆ. ಈಗ ಮೇಲೆ ಬೆಳಕು ಇಡಲು ಜಾಗ ಸಿಕ್ಕಿತು.

ಆ ಬೆಳಕಿನ ಆಕಾರವೇ ಇಲ್ಲಿ ಮುಖ್ಯ. ಕಾಟನ್ ನೂಲಿನ ಚಿಕ್ಕ ಎಳೆಗಳು ಬೆಳಕನ್ನು ಎಲ್ಲ ಕಡೆ ಚೆಲ್ಲುತ್ತವೆ. ರೇಷ್ಮೆಯ ಎಳೆ ಉದ್ದ, ನಯ. ಅದು ಬೆಳಕನ್ನು ಒಂದೇ ದಿಕ್ಕಿಗೆ ಹೆಚ್ಚು ತಿರುಗಿಸುತ್ತದೆ. ಆದ್ದರಿಂದ ಹೊಳಪು ದುಂಡಗಿನ ಚುಕ್ಕೆ ಆಗಬಾರದು. ಮಡಿಕೆಯ ಉಬ್ಬಿನ ಉದ್ದಕ್ಕೂ ತೆಳುವಾಗಿ ಹರಿಯಬೇಕು. ಕಣ್ಣಿನ ಮಿಂಚು ನೋಡಿ ಬೆಳಕು ಎಡಗಡೆ ಮೇಲಿನಿಂದ ಬಂದಿದೆ ಎಂದು ತಿಳಿದುಕೊಂಡೆ. ಆ ಕಡೆಗೆ ಮುಖ ಮಾಡಿದ ಉಬ್ಬುಗಳ ಮೇಲೆ ಮಾತ್ರ `Soft Light` ಲೇಯರ್‌ನಲ್ಲಿ ಮೆತ್ತನೆ ಬ್ರಷ್ ಎಳೆದೆ. ಗೆರೆಯ ನಡುಭಾಗ ಬಿಳಿ, ಅಂಚು ಕೆನೆ. ಜೇಬು ಬೇರೆ ತುಂಡು ಬಟ್ಟೆ, ಅದಕ್ಕೆ ಅದರ ಹೊಲಿಗೆ ಬಂದಲ್ಲಿ ಗೆರೆ ಕಡಿದೆ. ಕಾಲರ್ ಗಟ್ಟಿಯಾಗಿರುತ್ತದೆ, ಅಲ್ಲಿ ಅಗಲವಾದ ಒಂದೇ ಪಟ್ಟಿ ಸಾಕು.

ನೇಯ್ಗೆಯಲ್ಲೂ ಎಡವಿದ್ದೆ. ಒಂದು ರೇಷ್ಮೆ ಟೆಕ್ಸ್ಚರ್ ತಂದು ಹಾಕಿದರೆ ಅಂಗಿ ಗೋಣಿಚೀಲದ ಹಾಗಾಯಿತು. ಆಮೇಲೆ ಅಳತೆ ತೆಗೆದೆ. ಎರಡು ಗುಂಡಿಗಳ ನಡುವೆ ಸುಮಾರು 9 ಸೆಂಟಿಮೀಟರ್ ಇರುತ್ತದೆ. ಫೋಟೋದಲ್ಲಿ ಅದು 270 ಪಿಕ್ಸೆಲ್, ಅಂದರೆ ಸೆಂಟಿಮೀಟರಿಗೆ 30. ನಾನು ಹಾಕಿದ ಟೆಕ್ಸ್ಚರ್‌ನಲ್ಲಿ ಒಂದು ನೂಲು 6 ಪಿಕ್ಸೆಲ್ ದಪ್ಪ ಇತ್ತು. ಅಂದರೆ 2 ಮಿಲಿಮೀಟರ್! ನುಣುಪಾದ ರೇಷ್ಮೆಯಲ್ಲಿ ಸೆಂಟಿಮೀಟರಿಗೆ 30ಕ್ಕಿಂತ ಜಾಸ್ತಿ ನೂಲು ಇರುತ್ತವೆ, ಒಂದು ನೂಲಿಗೆ ಒಂದು ಪಿಕ್ಸೆಲ್ ಕೂಡ ಸಿಗುವುದಿಲ್ಲ. ಅಷ್ಟು ದೂರದ ಫೋಟೋದಲ್ಲಿ ನೇಯ್ಗೆ ಕಾಣಲೇಬಾರದು. ಟೆಕ್ಸ್ಚರ್ ಅಳಿಸಿಬಿಟ್ಟೆ.

ಬದಲಿಗೆ ಕಾಟನ್ನಿನ ಗುರುತು ತೆಗೆಯಬೇಕಿತ್ತು. `Gaussian Blur` 6 ಪಿಕ್ಸೆಲ್ ಇಟ್ಟು ಚಿತ್ರವನ್ನು ಎರಡು ಪದರ ಮಾಡಿದೆ: ಕೆಳಗೆ ಮಸುಕಾದ ಬಣ್ಣ, ನೆರಳು; ಮೇಲೆ ಸಣ್ಣ ವಿವರಗಳು. ಮೇಲಿನ ಪದರದಲ್ಲಿ ನೂಲಿನ ತರಿ ಮಾತ್ರ ಮಂಕು ಮಾಡಿ, ಹೊಲಿಗೆ, ಗುಂಡಿ ಹಾಗೇ ಬಿಟ್ಟೆ. ಕೆಳಗಿನದರಲ್ಲಿ ಚೂಪಾದ ಸಣ್ಣ ಸುಕ್ಕುಗಳನ್ನು ಅಳಿಸಿದೆ. ಭುಜದ ದೊಡ್ಡ ಮಡಿಕೆಗಳನ್ನು ಮುಟ್ಟಲಿಲ್ಲ, ಹೊಳಪು ನಿಂತಿರುವುದೇ ಅವುಗಳ ಮೇಲೆ.

ಎದುರಿನಿಂದ ಫ್ಲ್ಯಾಶ್ ಹೊಡೆದು ಅಂಗಿ ಪೂರ್ತಿ ಬೆಳ್ಳಗಾದ ಫೋಟೋ ತಂದರೆ ಈ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ. ಅದರಲ್ಲಿ ಮಡಿಕೆಯೇ ಉಳಿದಿರುವುದಿಲ್ಲ.