ಊರಲ್ಲಿ ಸ್ವಂತ ಮನೆ, ಬೆಂಗಳೂರಲ್ಲಿ ಬಾಡಿಗೆ: ತೆರಿಗೆಯಲ್ಲಿ ಎರಡೂ ಸಿಗುತ್ತದೆ

ಹುಬ್ಬಳ್ಳಿಯಲ್ಲಿ ಸಾಲದ ಮನೆ ಇದೆ, ಅದರಲ್ಲಿ ಅಪ್ಪ ಅಮ್ಮ ಇದ್ದಾರೆ, ನೀವು ಬೆಂಗಳೂರಲ್ಲಿ ಬಾಡಿಗೆಗಿದ್ದೀರಿ ಅಂದುಕೊಳ್ಳಿ. ಸಂಬಳದಲ್ಲಿ ಬರುವ ಮನೆ ಬಾಡಿಗೆ ಭತ್ಯೆ ಅಂದರೆ ಎಚ್‌ಆರ್‌ಎ, ಸಾಲದ ಬಡ್ಡಿ ಎರಡಕ್ಕೂ ವಿನಾಯಿತಿ ಕೇಳಬಹುದು. ಆಫೀಸಿನಲ್ಲಿ ‘ಒಂದೇ ಸಿಗೋದು’ ಅಂದರೆ ಸುಮ್ನೆ ಒಪ್ಪಬೇಡಿ. ಆದರೆ ಹಳೇ ತೆರಿಗೆ ಪದ್ಧತಿಯಲ್ಲೇ ಇರಬೇಕು. ಹೊಸದರಲ್ಲಿ ಇವೆರಡೂ ಇಲ್ಲ.

ತಿಂಗಳಿಗೆ ಮೂಲ ವೇತನ 50,000, ಎಚ್‌ಆರ್‌ಎ 20,000, ಬಾಡಿಗೆ 18,000 ಇದ್ದರೆ, ಬಾಡಿಗೆಯಲ್ಲಿ ಮೂಲ ವೇತನದ ಶೇ. 10, ಅಂದರೆ 5,000 ಕಳೆಯಿರಿ. ಉಳಿದ 13,000ಕ್ಕೆ ತೆರಿಗೆ ಇಲ್ಲ. ವರ್ಷಕ್ಕೆ 1,56,000 ಆಯಿತು. ಬಡ್ಡಿ 2,30,000 ಕಟ್ಟಿದ್ದರೂ 2 ಲಕ್ಷದವರೆಗೆ ಮಾತ್ರ ಸಿಗುತ್ತದೆ. ಒಟ್ಟು 3,56,000!

ಮನೆ ಇನ್ನೂ ಕಟ್ಟುತ್ತಿದ್ದರೆ ಬಡ್ಡಿ ಈಗಲೇ ಕೇಳುವಂತಿಲ್ಲ, ಕಟ್ಟಿ ಮುಗಿಯಬೇಕು. ಊರಿನ ಮನೆಯನ್ನು ಬಾಡಿಗೆಗೆ ಕೊಟ್ಟಿದ್ದರೆ ಆ ಆದಾಯವನ್ನೂ ತೋರಿಸಬೇಕು. ಜಾಸ್ತಿ ಜನ ಮರೆಯುವುದು ಇದನ್ನೇ.

ಬ್ಯಾಂಕಿನಿಂದ ಬಡ್ಡಿ ಸರ್ಟಿಫಿಕೇಟ್ ತೆಗೆದುಕೊಳ್ಳಿ. ವರ್ಷದ ಬಾಡಿಗೆ 1 ಲಕ್ಷ ದಾಟಿದರೆ ಮಾಲೀಕರ ಪ್ಯಾನ್ ನಂಬರ್ ಬೇಕು. ಅದನ್ನು ಮನೆ ಹಿಡಿಯುವಾಗಲೇ ಕೇಳಿಬಿಡಿ, ಮಾರ್ಚ್‌ನಲ್ಲಿ ಕೇಳಿದರೆ ಕೆಲವರು ಮುಖ ತಿರುಗಿಸುತ್ತಾರೆ.