ಕಾಟಾ ನಿಲ್ಲದ ಕಾರ್ಖಾನೆಯಲ್ಲಿ ಡೇಟಾಬೇಸ್ ಐದು ಗಂಟೆ ನಿಲ್ಲಿಸುವ ಮುಂಚೆ ಬರೆದ ಮೇಲ್

ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಯಲ್ಲಿ ಹಂಗಾಮು ನಡೆದಾಗ ರಾತ್ರಿ ಅಂದರೆ ಬಿಡುವಿನ ಹೊತ್ತಲ್ಲ. ಆಫೀಸು ಮುಚ್ಚಿರುತ್ತದೆ, ಆದರೆ ಕಬ್ಬಿನ ಗಾಡಿ ತೂಗುವ ಕಾಟಾದ ಮುಂದೆ ಟ್ರ್ಯಾಕ್ಟರ್ ಸಾಲು ಹಾಗೇ ಇರುತ್ತದೆ. ಡೇಟಾಬೇಸಿನ ಆವೃತ್ತಿ ಬದಲಿಸುವ ಕೆಲಸವನ್ನು ಹಂಗಾಮು ಮುಗಿದ ಮೇಲೆ ಮಾಡುವುದೇ ಸರಿ. ಆದರೆ ನಾವು ಬಳಸುತ್ತಿದ್ದ ಪೋಸ್ಟ್‌ಗ್ರೆಸ್ 13ಕ್ಕೆ 2025ರ ನವೆಂಬರಿನಲ್ಲಿ ಭದ್ರತಾ ತಿದ್ದುಪಡಿಗಳು ನಿಂತವು. ಏಪ್ರಿಲ್‌ವರೆಗೆ ಕಾಯದೆ ಜನವರಿಯಲ್ಲೇ 16ಕ್ಕೆ ಹೋಗುವುದೆಂದು ತೀರ್ಮಾನವಾಯಿತು. ವಿಭಾಗದ ಮುಖ್ಯಸ್ಥರಿಗೆ ಕಳಿಸುವ ಮೇಲ್ ಬರೆಯುವಾಗ ಯಾವ ಸಾಲು ಏಕೆ ಬಂತು ಎಂಬುದನ್ನು ಇಲ್ಲಿ ಹೇಳುತ್ತೇನೆ.

ಮೇಲ್‌ಗೆ ಮೊದಲು ತಾಲೀಮು. ಡೇಟಾಬೇಸಿನ ಪ್ರತಿಯನ್ನು ಬೇರೆ ಸರ್ವರ್‌ಗೆ ಹಾಕಿ ಇಡೀ ಕೆಲಸವನ್ನು ಗಡಿಯಾರ ಹಿಡಿದು ಮಾಡಿದೆವು. ಗಾತ್ರ 180 ಜಿಬಿ. ಕೊನೆಯ ಬ್ಯಾಕಪ್‌ಗೆ 50 ನಿಮಿಷ, ಆವೃತ್ತಿ ಬದಲಾವಣೆಗೆ 45, ಅಂಕಿಅಂಶ ಕಟ್ಟಲು 25, ವಿಭಾಗದವರ ಪರೀಕ್ಷೆಗೆ 30. ಒಟ್ಟು ಎರಡೂವರೆ ಗಂಟೆ. ಮೇಲ್‌ನಲ್ಲಿ ಬರೆದದ್ದು ಐದು ಗಂಟೆ. ಇದು ಅಂದಾಜಿಗೆ ಸೇರಿಸಿದ ಧಾರಾಳತನವಲ್ಲ. ಒಂದು ಸಲ ಕೆಟ್ಟು, ಹಳೆಯದಕ್ಕೆ ಮರಳಿ, ಅದನ್ನೂ ಪರೀಕ್ಷಿಸುವಷ್ಟು ಸಮಯ ಆ ಐದು ಗಂಟೆಯೊಳಗೇ ಇರಬೇಕು.

ಮರಳುವ ದಾರಿ ಇಟ್ಟುಕೊಳ್ಳಲೆಂದೇ `pg_upgrade` ಅನ್ನು `--link` ಇಲ್ಲದೆ ಓಡಿಸಿದೆವು. `--link` ಕೊಟ್ಟರೆ ಕೆಲಸ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಹಳೆಯದೂ ಹೊಸದೂ ಒಂದೇ ಕಡತಗಳನ್ನು ಹಂಚಿಕೊಳ್ಳುವುದರಿಂದ, ಹೊಸ ಸರ್ವರ್ ಒಮ್ಮೆ ಶುರುವಾದ ಮೇಲೆ ಹಳೆಯದನ್ನು ನಂಬಿ ಎಬ್ಬಿಸುವಂತಿಲ್ಲ. ನಕಲು ಮಾಡುವ ರೀತಿಯಲ್ಲಿ ಇನ್ನೂ 180 ಜಿಬಿ ಡಿಸ್ಕ್ ಬೇಕು, ಹೊತ್ತೂ ಹೆಚ್ಚು. ಬದಲಿಗೆ ಹಳೆಯದು ಮುಟ್ಟದೆ ಉಳಿಯುತ್ತದೆ. ಮರಳಲು 20 ನಿಮಿಷ ಸಾಕು.

ಇದಾವುದೂ ಮೇಲ್‌ನಲ್ಲಿ ಬರಬೇಕಿಲ್ಲ. ಕಬ್ಬು ವಿಭಾಗದವರಿಗೆ ಬೇಕಾದದ್ದು ತಮ್ಮ ಕಿಟಕಿಯಲ್ಲಿ ಎಷ್ಟು ಹೊತ್ತಿಗೆ ಏನು ಮಾಡಬೇಕೆಂಬುದು ಮಾತ್ರ. ಕಳಿಸಿದ ಮೇಲ್ ಇದು:

ವಿಷಯ: ಶನಿವಾರ 10-01-2026 ರಾತ್ರಿ 11ರಿಂದ ಭಾನುವಾರ 11-01-2026 ಬೆಳಗಿನ 4ರವರೆಗೆ ಕಾಟಾ, ಕಬ್ಬಿನ ಬಿಲ್ಲು, ಸ್ಟೋರ್ಸ್, ಮಾರಾಟ ಸಾಫ್ಟ್‌ವೇರ್ ಬಂದ್

ಎಲ್ಲ ವಿಭಾಗದ ಮುಖ್ಯಸ್ಥರಿಗೆ ನಮಸ್ಕಾರ.

ಮೇಲಿನ ಐದು ಗಂಟೆ ಡೇಟಾಬೇಸಿನ ಆವೃತ್ತಿ ಬದಲಾಯಿಸುತ್ತೇವೆ. ನಿಮ್ಮ ಪರದೆ, ಲಾಗಿನ್, ಪಾಸ್‌ವರ್ಡ್ ಯಾವುದೂ ಬದಲಾಗುವುದಿಲ್ಲ. ಪಾಸ್‌ವರ್ಡ್ ಹೇಳಿ ಎಂದು ನಾವು ಯಾರಿಗೂ ಫೋನ್ ಮಾಡುವುದಿಲ್ಲ.

ಕಾಟಾ: ತೂಕದ ಯಂತ್ರ ಎಂದಿನಂತೆ ತೂಕ ತೋರಿಸುತ್ತದೆ. ಕಂಪ್ಯೂಟರ್ ಚೀಟಿ ಬರುವುದಿಲ್ಲ. ಕ್ರಮಸಂಖ್ಯೆ ಮುದ್ರಿಸಿದ ಕೈಚೀಟಿ ಪುಸ್ತಕ ಬಳಸಿ. ಗಾಡಿ ನಂಬರ್, ರೈತರ ಕೋಡ್, ಲೋಡ್ ತೂಕ, ಖಾಲಿ ತೂಕ, ಎರಡಕ್ಕೂ ಸಮಯ, ಡ್ರೈವರ್ ಸಹಿ ಬೇಕು. 11ಕ್ಕೆ ಮುಂಚೆ ಲೋಡ್ ತೂಕವಾಗಿ ಖಾಲಿ ತೂಕ ಬಾಕಿ ಇರುವ ಗಾಡಿಗಳ ಪಟ್ಟಿಯನ್ನು 10:50ಕ್ಕೆ ಮುದ್ರಿಸಿ ಕಾಟಾದಲ್ಲಿ ಇಡುತ್ತೇವೆ.

ಮಾರಾಟ: ರಾತ್ರಿ ಹೊರಡುವ ಲಾರಿಗಳ ಇನ್‌ವಾಯ್ಸ್ ಮತ್ತು ಇ-ವೇ ಬಿಲ್ 10:30ರೊಳಗೆ ಮುಗಿಸಿ. ಆಮೇಲೆ ತುಂಬಿದ ಲಾರಿ 4ರ ನಂತರ ಹೊರಡಲಿ.

ಲೆಕ್ಕಪತ್ರ: ಎರಡನೇ ಶನಿವಾರ ಬ್ಯಾಂಕ್ ಶಾಖೆ ಇಲ್ಲ, ಪಾವತಿ ಪಟ್ಟಿಗೆ ತೊಂದರೆ ಇಲ್ಲ. ಸೋಮವಾರದ ಪಟ್ಟಿ ಎಂದಿನಂತೆ ಹೋಗುತ್ತದೆ.

ನಡುವೆ ಪರದೆ ತೆರೆದುಕೊಂಡರೂ ಎಂಟ್ರಿ ಮಾಡಬೇಡಿ. "ತೆರೆದಿದೆ" ಎಂಬ ಸಂದೇಶ ವಾಟ್ಸಾಪ್ ಗುಂಪಿಗೆ ಬಂದ ಮೇಲೆ ಮಾತ್ರ ಶುರು ಮಾಡಿ.

2:30ರೊಳಗೆ ಪರೀಕ್ಷೆ ಮುಗಿಯದಿದ್ದರೆ ಹಳೆಯ ಆವೃತ್ತಿಗೇ ಮರಳುತ್ತೇವೆ. ಆಗಲೂ 4ಕ್ಕೆ ಕೆಲಸ ಶುರು. ಮುಂದಿನ ದಿನಾಂಕ ಬೇರೆ ತಿಳಿಸುತ್ತೇವೆ.

ಮೇಲ್ ಅಷ್ಟೇ. ಅದರಲ್ಲಿ ಲೆಕ್ಕಪತ್ರದ ಸಾಲು ಇಲ್ಲದಿದ್ದರೆ ಮೊದಲ ಫೋನ್ ಅಲ್ಲಿಂದಲೇ ಬರುತ್ತದೆ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವಿದೆ, ತಡವಾದರೆ ಬಡ್ಡಿ. ಎರಡನೇ ಶನಿವಾರ ಆರಿಸಿದ್ದೇ ಈ ಕಾರಣಕ್ಕೆ.

ದಿನಾಂಕ ಎರಡೂ ಬರೆದದ್ದಕ್ಕೂ ಕಾರಣವಿದೆ. "10ರ ರಾತ್ರಿ 12" ಅಂದರೆ ಅರ್ಧ ಜನ ಒಂದು ರಾತ್ರಿ, ಉಳಿದರ್ಧ ಇನ್ನೊಂದು ರಾತ್ರಿ ತಿಳಿಯುತ್ತಾರೆ.

4 ಗಂಟೆ ಎಂಬುದು ಕಾಟಾದಿಂದ ಹಿಂದಕ್ಕೆ ಎಣಿಸಿ ಬಂದ ಸಂಖ್ಯೆ. ಕಾರ್ಖಾನೆಯ ದಿನ ನಮ್ಮಲ್ಲಿ ಬೆಳಗಿನ 6ಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಕೈಚೀಟಿಗಳೆಲ್ಲ ಒಳಗೆ ಹೋಗದಿದ್ದರೆ ಆ ದಿನದ ಒಟ್ಟು ಕಬ್ಬು ತಪ್ಪಾಗುತ್ತದೆ. ಗಂಟೆಗೆ ಸುಮಾರು 12 ಗಾಡಿ, ಐದು ಗಂಟೆಗೆ 60 ಚೀಟಿ. ಒಂದಕ್ಕೆ ಒಂದೂವರೆ ನಿಮಿಷ ಹಿಡಿದರೆ 90 ನಿಮಿಷ. ಒಬ್ಬರೇ ಕೂತು ಹಾಕಿದರೂ 6ರೊಳಗೆ ಮುಗಿಯುತ್ತದೆ. ಒಬ್ಬರೇ ಹಾಕಬೇಕು ಕೂಡ: ಇಬ್ಬರು ಹಂಚಿಕೊಂಡರೆ ಒಂದೇ ಚೀಟಿ ಎರಡು ಸಲ ಹೋಗಿ ಒಬ್ಬ ರೈತರಿಗೆ ಎರಡು ಬಿಲ್ಲಾಗುತ್ತದೆ. ಚೀಟಿ ಮೇಲಿನ ಕ್ರಮಸಂಖ್ಯೆ ಇರುವುದು ಇದನ್ನು ಹಿಡಿಯಲಿಕ್ಕೆ. ಎಂಟ್ರಿ ಸಮಯದ ಬದಲು ಚೀಟಿಯಲ್ಲಿರುವ ತೂಕದ ಸಮಯವನ್ನೇ ಹಾಕಬೇಕು.

ಮೇಲ್‌ನಲ್ಲಿ ಎಲ್ಲಕ್ಕಿಂತ ಮುಖ್ಯ ಸಾಲು "ಪರದೆ ತೆರೆದುಕೊಂಡರೂ ಎಂಟ್ರಿ ಮಾಡಬೇಡಿ" ಎಂಬುದು. ಒಂದು ಗಂಟೆ ಹೊತ್ತಿಗೆ ಪರೀಕ್ಷೆಗಾಗಿ ನಾವೇ ತೆರೆಯುತ್ತೇವೆ. ಆಗ ಕಾಟಾದವರು ನಾಲ್ಕು ಗಾಡಿ ಹಾಕಿಬಿಟ್ಟರೆ, ಆಮೇಲೆ ಹಳೆಯದಕ್ಕೆ ಮರಳಬೇಕಾದಾಗ ಆ ನಾಲ್ಕೂ ಮಾಯ. ಹೊಸದರಲ್ಲಿ ಬರೆದದ್ದು ಹಳೆಯದಕ್ಕೆ ಬರುವುದಿಲ್ಲ. 4ಕ್ಕೆ ತೆರೆದ ಮೇಲೂ ಇದೇ ಕಾರಣಕ್ಕೆ ಕೈಚೀಟಿಗಳನ್ನು ಒಂದು ವಾರ ಕಾಯ್ದಿರಿಸಿದೆವು.

ಬೆಳಿಗ್ಗೆ ಬರುವ ದೂರು ಹೆಚ್ಚಾಗಿ "ನಿಧಾನ ಆಗ್ಯಾದ್ರಿ" ಎಂಬುದು. ಕಾರಣ ಬಹುತೇಕ ಒಂದೇ: 16ಕ್ಕೆ ಹೋಗುವಾಗ ಕೋಷ್ಟಕಗಳ ಅಂಕಿಅಂಶ ಜೊತೆಗೆ ಬರುವುದಿಲ್ಲ. ಯಾವ ಕೋಷ್ಟಕ ಎಷ್ಟು ದೊಡ್ಡದು, ಯಾವ ಸೂಚಿ ಬಳಸಬೇಕು ಎಂಬ ಅಂದಾಜು ಸರ್ವರ್‌ಗೆ ಇರುವುದಿಲ್ಲ. ಸೆಕೆಂಡುಗಳಲ್ಲಿ ಬರುತ್ತಿದ್ದ ಹಂಗಾಮಿನ ಒಟ್ಟು ವರದಿ ನಿಮಿಷಗಟ್ಟಲೆ ಕೂರುತ್ತದೆ. ಅದಕ್ಕೆ ಇದು:

```
vacuumdb --all --analyze-in-stages
```

ಇದು ಮೂರು ಸುತ್ತಿನಲ್ಲಿ ನಡೆಯುತ್ತದೆ. ಮೊದಲ ಸುತ್ತು ಬೇಗ ಮುಗಿದು ಒರಟಾದ ಅಂದಾಜು ಕೊಡುತ್ತದೆ. ಅಲ್ಲಿಗೇ ಬಾಗಿಲು ತೆರೆಯಬಹುದು ಎನ್ನುತ್ತಾರೆ. ನಾನು ಮೂರೂ ಮುಗಿಯಲಿ ಎಂದು ಕಾಯುವವನು. 25 ನಿಮಿಷ ಉಳಿಸಿ ಇಡೀ ಬೆಳಗಿನ ಪಾಳಿಯಿಂದ ಫೋನ್ ತೆಗೆದುಕೊಳ್ಳುವುದರಲ್ಲಿ ಲಾಭವಿಲ್ಲ.

ಇನ್ನೊಂದು ತೊಡಕು ಕಾಟಾದ ಹಳೆಯ ಕಂಪ್ಯೂಟರ್‌ಗಳದ್ದು. ಆವೃತ್ತಿ 14ರಿಂದ ಹೊಸ ಪಾಸ್‌ವರ್ಡ್ ಸ್ಕ್ರಾಮ್ ರೀತಿಯಲ್ಲಿ ಉಳಿಯುತ್ತದೆ. ಹಳೆಯ ಪಾಸ್‌ವರ್ಡ್ ಹಾಗೇ ಬಂದರೆ, `pg_hba.conf` ನಲ್ಲಿ `md5` ಇದ್ದರೆ ತೊಂದರೆ ಇಲ್ಲ. ಆದರೆ ಆ ರಾತ್ರಿ ಯಾರಾದರೂ ಡೇಟಾಬೇಸ್ ಬಳಕೆದಾರನ ಪಾಸ್‌ವರ್ಡನ್ನು ಮತ್ತೆ ಹಾಕಿದರೆ ಆ ಕಂಪ್ಯೂಟರ್‌ಗಳಲ್ಲಿರುವ ಹಳೆಯ ಡೇಟಾಬೇಸ್ ಡ್ರೈವರ್ `authentication method 10 not supported` ಎಂದು ನಿಲ್ಲುತ್ತದೆ. ಆದ್ದರಿಂದ ಆ ರಾತ್ರಿ ಪಾಸ್‌ವರ್ಡ್ ಮುಟ್ಟಬಾರದು, ಪರೀಕ್ಷೆಯನ್ನೂ ಸರ್ವರ್ ಕೋಣೆಯಿಂದಲ್ಲ, ಕಾಟಾದ ಪ್ರತಿ ಕಂಪ್ಯೂಟರ್‌ನಿಂದಲೇ ಮಾಡಬೇಕು. ಒಂದೊಂದರಲ್ಲೂ ಒಂದು ಹಳೆಯ ಚೀಟಿ ತೆರೆದು ಮುದ್ರಿಸಿ ನೋಡಿದರೆ ಸಾಕು.

ಮೇಲ್ ಹೋದದ್ದು ಒಂಬತ್ತು ದಿನ ಮುಂಚೆ, ನೆನಪಿನ ಸಂದೇಶ ಶುಕ್ರವಾರ. ಕಾಟಾದ ರಾತ್ರಿ ಪಾಳಿಯವರು ಮೇಲ್ ನೋಡುವುದಿಲ್ಲ, ಆದ್ದರಿಂದ ಅವರ ಪ್ಯಾರಾವನ್ನಷ್ಟೇ ದೊಡ್ಡಕ್ಷರದಲ್ಲಿ ಮುದ್ರಿಸಿ ಎರಡೂ ಕಿಟಕಿಗೆ ಅಂಟಿಸಿದೆವು.